ಕಾಪಿ ಆಗುತ್ತದೆ, ಆದರೆ ಹಾಡುವುದಿಲ್ಲ: ಡಿಆರ್‌ಎಂ ಫೈಲಿನ ಬಗ್ಗೆ ಟಿಪ್ಪಣಿ

ಡಿಆರ್‌ಎಂ, ಅಂದರೆ ಮಾರುವ ಕಂಪನಿ ಫೈಲಿಗೆ ಹಾಕುವ ಡಿಜಿಟಲ್ ಬೀಗ, ಇರುವ ಹಾಡನ್ನು ಕಾಪಿ ಮಾಡಲು ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಕಂಪ್ಯೂಟರಿಗೆ ಇಳಿಸಿಕೊಂಡ ಅಂಥ ಫೈಲ್ ಪೆನ್‌ಡ್ರೈವ್‌ಗೆ ಆರಾಮಾಗಿ ಕಾಪಿ ಆಗುತ್ತದೆ. ಒಂದು ಬೈಟ್ ಕೂಡ ಆಚೀಚೆ ಆಗುವುದಿಲ್ಲ. ಹಾಗಿದ್ದೂ ಬೇರೆ ಪ್ಲೇಯರಿನಲ್ಲಿ ಹಾಡುವುದಿಲ್ಲ. ಯಾಕೆ ಎನ್ನುವುದೇ ಈ ಟಿಪ್ಪಣಿ.

ಮೊದಲು ಸಾದಾ ಫೈಲ್. ಎಂಪಿ3 ಎಂದರೆ ಸಣ್ಣ ಸಣ್ಣ ತುಂಡುಗಳ ಸಾಲು. ಪ್ರತಿ ತುಂಡಿಗೆ ಫ್ರೇಮ್ ಎನ್ನುತ್ತಾರೆ. ಸಾಮಾನ್ಯವಾದ 44.1 ಕಿಲೋಹರ್ಟ್ಸ್ ಹಾಡಿನಲ್ಲಿ ಒಂದು ಫ್ರೇಮ್ ಸುಮಾರು 26 ಮಿಲಿಸೆಕೆಂಡಿನ ಶಬ್ದ. ಅದನ್ನು ಬಿಚ್ಚಲು ಬೇಕಾದ ವಿವರವೆಲ್ಲ ಫ್ರೇಮಿನ ತಲೆಯಲ್ಲೇ ಬರೆದಿರುತ್ತದೆ: ಬಿಟ್‌ರೇಟ್ ಎಷ್ಟು, ಸ್ಟೀರಿಯೊ ಹೌದೋ ಅಲ್ಲವೋ, ಇತ್ಯಾದಿ. ಹಾಗಾಗಿ ಪ್ಲೇಯರ್ ಯಾರನ್ನೂ ಕೇಳಬೇಕಿಲ್ಲ. ಫೈಲ್ ಸಿಕ್ಕಿತು, ಓದಿತು, ಹಾಡಿತು. ನಮ್ಮ ಚಿಕ್ಕಪ್ಪನ ಪಿಕಪ್‌ನಲ್ಲಿ ಇರುವ ಅಗ್ಗದ ಸ್ಟೀರಿಯೊಗೆ ಗೊತ್ತಿರುವುದು ಇಷ್ಟೇ.

ಈಗ ಡಿಆರ್‌ಎಂ ಫೈಲ್. ಉದಾಹರಣೆಗೆ ಆಪಲ್‌ನ ಫೇರ್‌ಪ್ಲೇ ಎನ್ನುವ ಡಿಆರ್‌ಎಂ ತಗೊಳ್ಳುತ್ತೇನೆ, ಯಾಕೆಂದರೆ ಅಲ್ಲಿ ಫೈಲ್ ಕಣ್ಣಿಗೆ ಕಾಣುತ್ತದೆ. ಅವರ ಐಟ್ಯೂನ್ಸ್ ಎನ್ನುವ ಆನ್‌ಲೈನ್ ಅಂಗಡಿಯಲ್ಲಿ ಇವತ್ತು ದುಡ್ಡು ಕೊಟ್ಟು ಕೊಂಡ ಹಾಡು `.m4a` ಆಗಿ ಬರುತ್ತದೆ. ಅದಕ್ಕೆ ಬೀಗ ಇಲ್ಲ. ತಿಂಗಳ ಚಂದಾದಲ್ಲಿ ಇಳಿಸಿದ ಹಾಡು `.m4p` ಆಗಿ ಬರುತ್ತದೆ. ಅದಕ್ಕೆ ಬೀಗ ಇದೆ. 2003ರಲ್ಲಿ ಆ ಅಂಗಡಿ ಶುರುವಾದಾಗ ಕೊಂಡ ಹಾಡಿಗೂ ಬೀಗ ಇತ್ತು, 2009ರಲ್ಲಿ ತೆಗೆದರು. ಆದ್ದರಿಂದ ಕೊಂಡದ್ದೋ, ಬಾಡಿಗೆಯದ್ದೋ ಎಂದು ಮೊದಲು ನೋಡಿ.

ಎರಡೂ ಫೈಲಿನೊಳಗೆ ಇರುವುದು ಎಎಸಿ ಎನ್ನುವ ಒಂದೇ ಬಗೆಯ ಆಡಿಯೋ. ಸೈಜ್ ಕೂಡ ಹೆಚ್ಚುಕಡಿಮೆ ಒಂದೇ. ನೋಡಿ ಗೊತ್ತಾಗುವುದಿಲ್ಲ. ನಾನು ಬಳಸುವ ಉಪಾಯ ಇದು (ಎಫ್‌ಎಫ್‌ಎಂಪೆಗ್ ಎನ್ನುವ ಸಾಫ್ಟ್‌ವೇರ್ ಹಾಕಿಕೊಂಡಿರಬೇಕು):

```
ffprobe -v error -select_streams a -show_entries stream=codec_name,codec_tag_string haadu.m4p
```

ಸಾದಾ ಫೈಲಿಗೆ `codec_tag_string=mp4a` ಎಂದು ಬರುತ್ತದೆ. ಬೀಗ ಇರುವುದಕ್ಕೆ `drms` ಎಂದು ಬರುತ್ತದೆ. `codec_name` ಎರಡಕ್ಕೂ `aac` ಎಂದೇ ತೋರಿಸುತ್ತದೆ, ಅದನ್ನು ನಂಬಬೇಡಿ. ಹೆಸರಿನ ಕೊನೆಯ `.m4p` ಅನ್ನು `.m4a` ಎಂದು ಬದಲಿಸಿದರೂ ಒಳಗಿನ `drms` ಹಾಗೇ ಇರುತ್ತದೆ. ಅದಕ್ಕೇ ಹೆಸರು ಬದಲಿಸುವ ಸಲಹೆ ಕೆಲಸ ಮಾಡುವುದಿಲ್ಲ.

ಇನ್ನೊಂದು ತಮಾಷೆ: ಹಾಡಿನ ಹೆಸರು, ಹಾಡಿದವರ ಹೆಸರು, ಕವರ್ ಚಿತ್ರ, ಇವಕ್ಕೆ ಬೀಗ ಹಾಕಿರುವುದಿಲ್ಲ. ಶಬ್ದದ ಭಾಗಕ್ಕೆ ಮಾತ್ರ. ಹಾಗಾಗಿ ಬೇರೆ ಕಂಪ್ಯೂಟರಿನಲ್ಲಿ ಹೆಸರೆಲ್ಲ ಚೆನ್ನಾಗಿ ಕಾಣುತ್ತದೆ, ಪ್ಲೇ ಒತ್ತಿದರೆ ಸದ್ದೇ ಇಲ್ಲ. ಫೈಲ್ ಕೆಟ್ಟಿದೆ ಎಂದು ಜನ ಮತ್ತೆ ಮತ್ತೆ ಇಳಿಸುತ್ತಾರೆ. ಕೆಟ್ಟಿಲ್ಲ ಎಂದು ತಿಳಿಯಲು ವಿಂಡೋಸ್‌ನಲ್ಲಿ ಮೂಲ ಫೈಲಿಗೂ ಪೆನ್‌ಡ್ರೈವಿನ ಕಾಪಿಗೂ ಇದನ್ನು ಓಡಿಸಿ:

```
certutil -hashfile haadu.m4p SHA256
```

ಎರಡು ಕಡೆಯೂ ಅದೇ ಉದ್ದನೆಯ ಸಂಖ್ಯೆ ಬಂದರೆ ಕಾಪಿ ಸರಿಯಾಗಿದೆ.

ಈಗ ನಾನು ಸಿಕ್ಕಿಬಿದ್ದ ಜಾಗ. ಹಾಡು ಬಿಚ್ಚುವ ಕೀ ಎಲ್ಲಿರುತ್ತದೆ? ಫೈಲಿನೊಳಗೇ ಇರುತ್ತದೆ ಎಂದು ಓದಿದೆ. ಹಾಗಾದರೆ ಕಾಪಿ ಮಾಡಿದಾಗ ಕೀ ಕೂಡ ಜೊತೆಗೇ ಬಂತು ಅಲ್ವಾ? ಮತ್ತೇನು ಕಷ್ಟ?

ಉತ್ತರ: ಕೀ ಒಂದಲ್ಲ, ಎರಡು. ಶಬ್ದಕ್ಕೆ ಬೀಗ ಹಾಕಿರುವುದು ಮೊದಲನೆಯ ಕೀಯಿಂದ. ಅದನ್ನು ಹಾಡಿನ ಕೀ ಎನ್ನೋಣ. ಅದು ಫೈಲಿನೊಳಗೆ ಇದೆ, ನಿಜ. ಆದರೆ ಬಿಡಿಯಾಗಿ ಇಲ್ಲ. ಅದಕ್ಕೇ ಇನ್ನೊಂದು ಕೀಯಿಂದ ಬೀಗ ಹಾಕಿ ಇಟ್ಟಿರುತ್ತಾರೆ. ಈ ಎರಡನೆಯದು ಬಳಕೆದಾರರ ಕೀ. ಇದು ಫೈಲಿನಲ್ಲಿ ಇರುವುದೇ ಇಲ್ಲ. ನೀವು ಲಾಗಿನ್ ಆಗಿ ಕಂಪ್ಯೂಟರಿಗೆ ಅನುಮತಿ ಕೊಟ್ಟಾಗ ಸರ್ವರಿನಿಂದ ಬರುತ್ತದೆ, ಆ ಕಂಪ್ಯೂಟರಿನಲ್ಲಿ ಬೇರೆ ಕಡೆ ಉಳಿಯುತ್ತದೆ. ಪ್ಲೇ ಒತ್ತಿದಾಗ ಆಗುವುದು ಹೀಗೆ: ಆ್ಯಪ್ ಬಳಕೆದಾರರ ಕೀ ತರುತ್ತದೆ, ಅದರಿಂದ ಹಾಡಿನ ಕೀಯನ್ನು ಬಿಚ್ಚುತ್ತದೆ, ಹಾಡಿನ ಕೀಯಿಂದ ಶಬ್ದವನ್ನು ಬಿಚ್ಚುತ್ತದೆ. ಪೆನ್‌ಡ್ರೈವ್‌ಗೆ ಹೋದದ್ದು ಬೀಗ ಹಾಕಿದ ಶಬ್ದ ಮತ್ತು ಬೀಗ ಹಾಕಿದ ಹಾಡಿನ ಕೀ. ಮೊದಲ ಹೆಜ್ಜೆಗೆ ಬೇಕಾದದ್ದು ಮನೆಯ ಕಂಪ್ಯೂಟರಿನಲ್ಲೇ ಉಳಿಯಿತು.

ಸುಮ್ನೆ ಒಂದೇ ಕೀ ಇಟ್ಟರೆ ಆಗುತ್ತಿರಲಿಲ್ಲವೇ? ಆಗುತ್ತಿತ್ತು, ಆದರೆ ಪ್ರತಿ ಗಿರಾಕಿಗೂ ಇಡೀ ಹಾಡಿಗೆ ಹೊಸದಾಗಿ ಬೀಗ ಹಾಕಬೇಕಾಗುತ್ತಿತ್ತು. ಎರಡು ಕೀ ಇದ್ದರೆ ಆ ಪುಟ್ಟ ಕೀಯ ಹೊದಿಕೆಯನ್ನಷ್ಟೇ ಬದಲಿಸಿದರೆ ಸಾಕು.

ಬಳಕೆದಾರರ ಕೀ ಇರುವ ಫೈಲನ್ನೂ ಕಾಪಿ ಮಾಡಿದರೆ? ನನಗೂ ಇದೇ ಹೊಳೆದದ್ದು. ಆ ಕೀಗಳ ಡಬ್ಬಕ್ಕೂ ಬೀಗ ಇದೆ, ಆ ಬೀಗ ಆ ಯಂತ್ರದ ಗುರುತಿಗೆ ಅಂಟಿಕೊಂಡಿದೆ. ಬೇರೆ ಯಂತ್ರದಲ್ಲಿ ಅದು ಬಿಚ್ಚಿಕೊಳ್ಳುವುದಿಲ್ಲ. ಹೊಸ ಕಂಪ್ಯೂಟರ್ ಸೇರಿಸಬೇಕಾದರೆ ಸರ್ವರಿನ ಮೂಲಕವೇ ಬರಬೇಕು, ಅಲ್ಲಿ ಐದು ಕಂಪ್ಯೂಟರ್ ಎಂಬ ಮಿತಿ ಇದೆ. ಬೀಗ ಮುರಿಯುವ ಸಾಫ್ಟ್‌ವೇರ್ ಹುಡುಕಲು ಹೋಗಬೇಡಿ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ ಅಂಥದ್ದಕ್ಕೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಹೇಳುತ್ತದೆ.

ಪಿಕಪ್‌ನ ಸ್ಟೀರಿಯೊಗೆ ಇನ್ನೊಂದು ಕೊರತೆಯೂ ಇದೆ. ಅದಕ್ಕೆ ಕೀ ಸಿಕ್ಕರೂ ಉಪಯೋಗವಿಲ್ಲ. ಫೇರ್‌ಪ್ಲೇ ಬಿಚ್ಚುವ ಕ್ರಮವೇ ಅದರ ಚಿಪ್ಪಿಗೆ ಗೊತ್ತಿಲ್ಲ. ಒಬ್ಬರ ಬೀಗ ಇನ್ನೊಬ್ಬರ ಪ್ಲೇಯರಿಗೆ ಅರ್ಥವಾಗದಿರುವುದು ಹಳೆಯ ಕತೆ.

ಫೋನಿನಲ್ಲಿ ಇಳಿಸಿದ್ದಾದರೆ ಫೈಲೇ ಸಿಗುವುದಿಲ್ಲ. ಆ್ಯಪ್ ತನ್ನ ಸ್ವಂತ ಜಾಗದಲ್ಲಿ ಇಟ್ಟುಕೊಂಡಿರುತ್ತದೆ. ಅವಧಿಯೂ ಇರುತ್ತದೆ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಬರಬೇಕು, ಇಲ್ಲದಿದ್ದರೆ ಇಳಿಸಿದ ಹಾಡು ನಿಲ್ಲುತ್ತದೆ. ಸಕಲೇಶಪುರದ ಆಚೆ ಸಿಗ್ನಲ್ ಸಿಗದ ತೋಟದ ಮನೆಯಲ್ಲೇ ಇರುವವರು, ಹಾಸನದ ಕಡೆ ಬಂದಾಗ ಆ್ಯಪನ್ನು ಒಮ್ಮೆ ತೆರೆದು ಬಿಟ್ಟರೆ ಒಳ್ಳೆಯದು.

ಚಿಕ್ಕಪ್ಪ ಕೇಳಿದರು, "ಬ್ಲೂಟೂತ್‌ನಲ್ಲಿ ಅದೇ ಹಾಡು ಬರುತ್ತಲ್ಲೋ, ಪೆನ್‌ಡ್ರೈವಿಗೇನು ರೋಗ?" ಬ್ಲೂಟೂತ್‌ನಲ್ಲಿ ಹೋಗುವುದು ಫೈಲ್ ಅಲ್ಲ ಚಿಕ್ಕಪ್ಪ, ಫೋನು ಬೀಗ ತೆಗೆದು, ಶಬ್ದ ಮಾಡಿ, ಆ ಶಬ್ದವನ್ನು ಕಳಿಸುತ್ತದೆ ಎಂದೆ. ಕೀ ಫೋನಿನಲ್ಲೇ ಇರುತ್ತದೆ. ಆಕ್ಸ್ ವೈರಿನಲ್ಲೂ ಅಷ್ಟೇ. ಪೆನ್‌ಡ್ರೈವಿನಲ್ಲೇ ಬೇಕೆಂದರೆ ಹಾಡನ್ನು `.mp3` ಅಥವಾ `.m4a` ರೂಪದಲ್ಲಿ ಕೊಂಡುಕೊಳ್ಳಬೇಕು, ಇಲ್ಲವೇ ಸ್ವಂತ ಸಿಡಿಯಿಂದ ತೆಗೆದುಕೊಳ್ಳಬೇಕು.

ಸಾದಾ ಎಂಪಿ3 ಕೂಡ ಹಾಡದಿದ್ದರೆ ಡಿಆರ್‌ಎಂ ಮೇಲೆ ತಪ್ಪು ಹೊರಿಸಬೇಡಿ. ಪೆನ್‌ಡ್ರೈವ್ ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಆಗಿರಬಹುದು. ಹಳೆಯ ಸ್ಟೀರಿಯೊಗಳಲ್ಲಿ ಹೆಚ್ಚಿನವು ಓದುವುದು ಎಫ್‌ಎಟಿ32 ಮಾತ್ರ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ತೆಗೆದಿಟ್ಟುಕೊಳ್ಳಿ.