ಪ್ರೀತಿಯ ಮೆಸೇಜಿಗೆ ಮೊದಲು ಒಂದು ಕ್ರಿಯಾಪದ ಹುಡುಕಿ

ಬೆಂಗಳೂರಿಗೆ ಬಂದಮೇಲೆ, ಅಂದರೆ ದೊಡ್ಡವರಾದ ಮೇಲೆ ಕನ್ನಡ ಕಲಿತವರಿಗಾಗಿ ಈ ಟಿಪ್ಪಣಿ. ನನ್ನ ಮನೆಮಾತು ತೆಲುಗು. ತರಕಾರಿ, ಆಟೋ, ಬಾಡಿಗೆ ಮನೆ, ಎಲ್ಲ ಮಾತೂ ಕನ್ನಡದಲ್ಲಿ ಆರಾಮಾಗಿ ಆಡುವವರು ಕೂಡ ಗಂಡನಿಗೋ ಹೆಂಡತಿಗೋ ಪ್ರೀತಿಯಿಂದ ನಾಲ್ಕು ಸಾಲು ಬರೆಯೋಕೆ ಕೂತರೆ ಸಿನಿಮಾ ಹಾಡಿನ ತುಂಡುಗಳೇ ಕೈಗೆ ಬರುತ್ತವೆ. ಅದು ಯಾಕೆ, ತಪ್ಪಿಸೋದು ಹೇಗೆ ಅನ್ನೋದಷ್ಟೇ ಇಲ್ಲಿನ ವಿಷಯ.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ನನ್ನ ಸ್ನೇಹಿತನೊಬ್ಬ ಲಖನೌದವನು, ಬನಶಂಕರಿಯಲ್ಲಿ ಮನೆ. ಹೆಂಡತಿ ಸಾಗರದ ಕಡೆಯವಳು. ಮದುವೆ ವಾರ್ಷಿಕೋತ್ಸವಕ್ಕೆ ಅವಳಿಗೆ ಕನ್ನಡದಲ್ಲೇ ಬರೆಯಬೇಕು ಅಂತ ಅವನು ಮೊದಲು ಬರೆದದ್ದು ಇದು:

“ನನ್ನ ಮುದ್ದು ಅರಗಿಣಿಯೇ, ನೀನೇ ನನ್ನ ಉಸಿರು, ನೀನೇ ನನ್ನ ಪ್ರಾಣ. ನೀನಿಲ್ಲದ ಬಾಳು ಬರೀ ಕತ್ತಲು. ಏಳೇಳು ಜನ್ಮಕ್ಕೂ ನೀನೇ ನನ್ನ ಜೊತೆಗಾತಿ.”

ವ್ಯಾಕರಣದಲ್ಲಿ ಒಂದು ತಪ್ಪೂ ಇಲ್ಲ. ತೊಂದರೆ ಇರೋದೇ ಅಲ್ಲಿ. ಈ ಐದೂ ಮಾತಲ್ಲಿ ಕ್ರಿಯಾಪದ ಎಲ್ಲಿದೆ ಅಂತ ಹುಡುಕಿ ನೋಡಿ. ‘ಇಲ್ಲದ’ ಅನ್ನೋದೊಂದನ್ನು ಬಿಟ್ಟರೆ ಏನೂ ಸಿಗಲ್ಲ. ಕನ್ನಡದಲ್ಲಿ ಎರಡು ನಾಮಪದ ಪಕ್ಕಪಕ್ಕ ಇಟ್ಟರೆ ಸಾಕು, ವಾಕ್ಯ ಆಗಿಬಿಡುತ್ತದೆ. ‘ಇವನು ನನ್ನ ತಮ್ಮ’ ಅಂದ ಹಾಗೇ ‘ನೀನೇ ನನ್ನ ಉಸಿರು’. ಕಾಲ ನೋಡಬೇಕಿಲ್ಲ, ‘ಕೊಡು’ ಹೋಗಿ ‘ಕೊಟ್ಟೆ’ ಆಗುತ್ತಾ ‘ತರು’ ಹೋಗಿ ‘ತಂದೆ’ ಆಗುತ್ತಾ ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ. ಭಾಷೆ ಕಲಿಯುತ್ತಿರುವವನಿಗೆ ಇದಕ್ಕಿಂತ ಸುಲಭದ ಜಾಗ ಇನ್ನೊಂದಿಲ್ಲ, ಅದಕ್ಕೇ ಅಲ್ಲಿಗೇ ಹೋಗಿ ಕೂರುತ್ತಾನೆ. ಜೊತೆಗೆ ಅವನ ಕಿವಿಗೆ ಈ ಸಾಲುಗಳು ಇನ್ನೂ ಹೊಸದು. ಅವಳು ಚಿಕ್ಕವಳಿದ್ದಾಗಿಂದ ಇದನ್ನೇ ಹಾಡಲ್ಲಿ, ಧಾರಾವಾಹಿಯಲ್ಲಿ, ಆಟೋ ಹಿಂದೆ ಕೇಳಿ ಓದಿ ಬೆಳೆದವಳು. ಅವನು ಚಂದ ಅಂದುಕೊಂಡು ಬರೆದದ್ದನ್ನು ಅವಳು ತಮಾಷೆ ಅಂದುಕೊಂಡು ನಗುವ ಸಾಧ್ಯತೆಯೇ ಜಾಸ್ತಿ.

ಸವಕಲು ಮಾತನ್ನು ಹಿಡಿಯೋಕೆ ನಾನು ಬಳಸುವ ಪರೀಕ್ಷೆ ಹೀಗೆ. ನೀವು ಬರೆದದ್ದರಲ್ಲಿ ಬಾಯಲ್ಲಿ ಯಾವತ್ತೂ ಆಡದ ಪದ ಯಾವುದಿದೆ ಅಂತ ಗುರುತು ಹಾಕಿ. ನನ್ನ ಸ್ನೇಹಿತ ಮನೆಯಲ್ಲಿ ‘ಬಾಳು’ ಅನ್ನಲ್ಲ, ‘ಲೈಫ್’ ಅಂತಾನೆ. ‘ಅರಗಿಣಿ’ಯನ್ನಂತೂ ಅವನು ಕಣ್ಣಲ್ಲೂ ಕಂಡಿಲ್ಲ. ಹಾಗೆ ಗುರುತು ಬಿದ್ದ ಪದಗಳು ಹೆಚ್ಚುಕಡಿಮೆ ಎಲ್ಲ ಎಲ್ಲಿಂದಲೋ ಎತ್ತಿಕೊಂಡು ಬಂದವು. ಹಾಗಂತ ಅವನ್ನು ತೆಗೆದು ನಿಘಂಟಿನಿಂದ ‘ಅನುರಾಗ’, ‘ಒಲವು’ ಅಂತ ಬೇರೆ ಪದ ಹುಡುಕಿ ತರಬೇಡಿ. ಅಚ್ಚು ಅದೇ ಇರುತ್ತೆ, ಪದ ಮಾತ್ರ ಬದಲಾಗಿರುತ್ತೆ.

ಮಾಡಬೇಕಾದ್ದು ಬೇರೆ. ಮೊದಲ ವಾಕ್ಯದಲ್ಲಿ ಭೂತಕಾಲದ ಕ್ರಿಯಾಪದ ಇರಲೇಬೇಕು, ಆ ಕೆಲಸ ಮಾಡಿದವರು ಓದುವವರೇ ಆಗಿರಬೇಕು. ಅಂದರೆ ‘ನೀನು ಏನು’ ಅಂತ ಬರೆಯಬೇಡಿ, ‘ನೀನು ಏನು ಮಾಡಿದೆ’ ಅಂತ ಬರೆಯಿರಿ. ‘ನೀನು’ ಅನ್ನೋದನ್ನು ಇಲ್ಲಿ ಬಿಡಬೇಡಿ. ಕನ್ನಡದಲ್ಲಿ ಸಾಮಾನ್ಯವಾಗಿ ಸರ್ವನಾಮ ಬಿಟ್ಟರೂ ನಡೆಯುತ್ತೆ ನಿಜ, ಆದರೆ ‘ನಿಂತಿದ್ದೆ’ ಅಂದರೆ ನಿಂತಿದ್ದು ನಾನೂ ಆಗಬಹುದು ನೀನೂ ಆಗಬಹುದು, ಎರಡಕ್ಕೂ ರೂಪ ಒಂದೇ.

ಸ್ನೇಹಿತನನ್ನು ಕೂರಿಸಿಕೊಂಡು ಕೇಳಿದೆ, ಇತ್ತೀಚೆಗೆ ಅವಳು ಏನು ಮಾಡಿದಳು? ಮೊದಲು ‘ತುಂಬಾ ಚೆನ್ನಾಗಿ ನೋಡ್ಕೊಳ್ತಾಳೆ’ ಅಂದ. ಅದು ಉತ್ತರ ಅಲ್ಲ. ಯಾವತ್ತು, ಎಲ್ಲಿ, ಕೈಯಲ್ಲಿ ಏನಿತ್ತು ಅಂತ ಕೇಳುತ್ತಾ ಹೋದಮೇಲೆ ಬಾಯಿಬಿಟ್ಟ. ಒಂದು ರಾತ್ರಿ ಜೋರು ಮಳೆ. ಇವನು ಬನಶಂಕರಿ ಮೆಟ್ರೋ ಇಳಿದು ಬರುವಾಗ ಅವಳು ಗಾಡಿ ಪಕ್ಕ ನಿಂತಿದ್ದಳು. ಅವಳ ಹೆಲ್ಮೆಟ್ ಗಾಡಿಯ ಕನ್ನಡಿಗೆ ನೇತಾಡುತ್ತಿತ್ತು, ಇವನದನ್ನು ಮಾತ್ರ ರೇನ್‌ಕೋಟ್ ಒಳಗೆ ಮುಚ್ಚಿ ಹಿಡಿದಿದ್ದಳು. ಇವನು ಸುಮ್ನೆ ನೋಡುತ್ತಾ ನಿಂತ. ಅವಳು ಹಾಲಿನ ಅಂಗಡಿ ಮುಚ್ಚುತ್ತೆ ಅಂತ ಬೈದಳು. ಇಷ್ಟು ಸಿಕ್ಕಮೇಲೆ ಬರೆಯೋದು ಕಷ್ಟವಲ್ಲ:

“ಆವತ್ತು ಮಳೆಯಲ್ಲಿ ನೀನು ಮೆಟ್ರೋ ಹತ್ರ ನಿಂತಿದ್ದೆ. ನನ್ನ ಹೆಲ್ಮೆಟ್ ಒಳಗೆ ನೀರು ಹೋಗಬಾರದು ಅಂತ ಅದನ್ನ ರೇನ್‌ಕೋಟ್ ಒಳಗೆ ಇಟ್ಟಿದ್ದೆ. ನಿನ್ನ ತಲೆ ಪೂರ್ತಿ ನೆನೆದಿತ್ತು. ‘ಏನ್ ನೋಡ್ತಿದ್ದೀಯ, ಹತ್ತು, ಹಾಲಿನಂಗಡಿ ಮುಚ್ಬಿಡ್ತಾನೆ’ ಅಂದೆ. ಅವತ್ತೇ ಗೊತ್ತಾಯ್ತು, ನೀನೇ ನನ್ನ ಪ್ರಪಂಚ.”

ಎರಡು ಕಡೆ ಕೈಯಾಡಿಸಬೇಕು. ‘ಇಟ್ಟಿದ್ದೆ’ ಅಂದರೆ ಎಲ್ಲೋ ಒಂದು ಕಡೆ ಇಟ್ಟ ಹಾಗೆ. ‘ಇಟ್ಕೊಂಡಿದ್ದೆ’ ಅಂದರೆ ತನ್ನ ಮೈಗೆ ಹತ್ತಿರ ಹಿಡಿದ ಹಾಗೆ. ಪ್ರೀತಿ ಅನ್ನೋ ಪದ ಎಲ್ಲೂ ಬರೆಯದೆ ಪ್ರೀತಿ ಹೇಳುತ್ತಿರೋದು ಆ ‘ಕೊಂಡು’. ಇಂಥ ಸಣ್ಣ ಸಹಾಯಕ ಕ್ರಿಯಾಪದಗಳು ನಮ್ಮಂಥವರ ಬರಹದಲ್ಲಿ ಮೊದಲು ಬಿಟ್ಟುಹೋಗುತ್ತವೆ.

ಇನ್ನೊಂದು ಕೊನೆಯ ಸಾಲು. ಅಷ್ಟು ದೂರ ಸರಿಯಾಗಿ ಬಂದವನು ಮುಗಿಸುವಾಗ ಭಯಬಿದ್ದು ಮತ್ತೆ ‘ನೀನೇ ನನ್ನ’ಕ್ಕೆ ವಾಪಸ್ ಹೋಗಿದ್ದಾನೆ. ಇದು ನಾನು ನೋಡಿದ ಎಲ್ಲ ಕರಡುಗಳಲ್ಲೂ ಆಗುತ್ತೆ. ಕತೆ ಹೇಳಿದೆ, ಭಾವನೆ ಹೇಳಲಿಲ್ಲವಲ್ಲ ಅನ್ನೋ ಆತಂಕ. ಆ ಸಾಲು ಹೊಡೆದುಹಾಕಿ, ಬದಲಿಗೆ ಅವಳಿಗೆ ಮುಂದೆ ಏನು ಹೇಳಬೇಕು ಅಂತ ಯೋಚಿಸಿ ಅಂದೆ. ಅವನು ಬರೆದದ್ದು: “ನಂಗೆ ಆಗ ಏನೂ ಹೇಳೋಕಾಗ್ಲಿಲ್ಲ. ಮುಂದಿನ ಸಲ ಹೆಲ್ಮೆಟ್ ನೆನೀಲಿ ಬಿಡು ಕಣೇ.”

ಆ ‘ಕಣೇ’ ಅವನು ದಿನಾ ಆಡುವ ಮಾತು, ಅದಕ್ಕೇ ಸರಿಯಾಗಿ ಕೂತಿದೆ. ಗಂಡಸಿಗಾದರೆ ‘ಕಣೋ’. ನಿಮ್ಮಿಬ್ಬರ ನಡುವೆ ಬಹುವಚನ ನಡೆಯುತ್ತಿದ್ದರೆ ‘ಕಣ್ರೀ’. ಮಾತಲ್ಲಿ ‘ನೀವು’ ಅಂತ ಕರೆದು ಮೆಸೇಜಲ್ಲಿ ಮಾತ್ರ ‘ನೀನು’ ಅಂದರೆ ಅದು ಕೂಡ ಹಾಡಿನಿಂದ ಬಂದ ‘ನೀನು’ ಅಂತಲೇ ಅನ್ನಿಸುತ್ತೆ.

ಎಲ್ಲ ಸಿದ್ಧ ಮಾತೂ ಸವಕಲಲ್ಲ, ಇದನ್ನು ಬೆರೆಸಿಕೊಳ್ಳಬೇಡಿ. ‘ಊಟ ಆಯ್ತಾ’, ‘ಹುಷಾರು’, ‘ಹೋಗ್ಬರ್ತೀನಿ’ ಇವನ್ನು ದಿನಾ ಹೇಳಿದರೂ ಹಳೆಯದಾಗಲ್ಲ, ಅಲ್ಲಿ ಹೊಸತನ ಮಾಡೋಕೆ ಹೋದರೇ ವಿಚಿತ್ರ. ನೆಂಟರೆಲ್ಲ ನೋಡುವ ಮದುವೆಯ ಕರೆಯೋಲೆ, ಫ್ಯಾಮಿಲಿ ಗ್ರೂಪಿನ ಶುಭಾಶಯಕ್ಕೂ ಸಿದ್ಧ ಸಾಲೇ ಸರಿ. ಹೆಲ್ಮೆಟ್ ವಿಷಯ ಅತ್ತೆಗೆ ಯಾಕೆ? ಇನ್ನು ಪರಿಚಯವಾಗಿ ಎರಡೇ ವಾರ ಆಗಿದ್ದು, ಇಬ್ಬರ ನಡುವೆ ಹೇಳಿಕೊಳ್ಳುವಂಥದ್ದು ಏನೂ ನಡೆದಿಲ್ಲ ಅಂದರೆ ಈ ವಿಧಾನ ಕೆಲಸ ಮಾಡಲ್ಲ. ಆಗ ಎರಡು ಸಾಲಿಗೆ ನಿಲ್ಲಿಸಿ.

ಕೊನೆಗೆ ತಿದ್ದಿಸೋ ವಿಷಯ. ಕನ್ನಡದ ಗೆಳೆಯರಿಗೆ ‘ಸ್ವಲ್ಪ ನೋಡಿ’ ಅಂತ ಕೊಟ್ಟರೆ ಅವರು ಪ್ರೀತಿಯಿಂದಲೇ ‘ಬಾಳಸಂಗಾತಿ’ ತಂದು ಸೇರಿಸುತ್ತಾರೆ. ಹಾಗಾಗಿ ಪೂರ್ತಿ ಮೆಸೇಜ್ ಕೊಡಬೇಡಿ. ಅನುಮಾನ ಇರುವ ಕ್ರಿಯಾಪದ ಮಾತ್ರ ಕೇಳಿ: ‘ನೆನೆದಿತ್ತು’ ಸರೀನಾ, ‘ನೆನೆದಿದೆ’ ಅನ್ನಬೇಕಾ? ಉತ್ತರ ಬಂದಮೇಲೆ ಬೇರೇನೂ ಮುಟ್ಟದೆ ಕಳಿಸಿ.