ಕಾರ್ನಿಯಾ ದಪ್ಪ ಇದ್ದವನಿಗೇ ಲೇಸರ್ ಬೇಡ ಅಂದರು!

ಕನ್ನಡಕ ಬಿಡಿಸುವ ಲೇಸರ್ ವಿಷಯ ಬಂದರೆ ನಮ್ಮ ಶಿವಮೊಗ್ಗದ ಕಡೆ ಒಂದು ಸಂಖ್ಯೆ ಬಾಯಿಂದ ಬಾಯಿಗೆ ಓಡಾಡುತ್ತದೆ. 500. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, 500 ಮೈಕ್ರಾನ್‌ಗಿಂತ ದಪ್ಪ ಇದ್ದರೆ ಮಾಡಿಸಬಹುದು, ತೆಳು ಇದ್ದರೆ ಆಗಲ್ಲ, ಅಷ್ಟೇ ಅಂತೆ. ಇದನ್ನು ಕೇಳಿ ಕೇಳಿ ಸಾಕಾಗಿದೆ. ದಪ್ಪ ಮುಖ್ಯ, ಇಲ್ಲ ಅಂದವರು ಯಾರು? ಆದರೆ ಬರೀ ದಪ್ಪ ನೋಡಿ ನಿರ್ಧಾರ ಮಾಡಿದರೆ ಎಡವಟ್ಟಾಗುತ್ತದೆ.

ತೀರ್ಥಹಳ್ಳಿ ಕಡೆಯ ಪರಿಚಯದ ಮನೆಯೊಂದರ ಅಕ್ಕ-ತಮ್ಮ ಶಿವಮೊಗ್ಗಕ್ಕೆ ಬಂದು ಒಟ್ಟಿಗೇ ಪರೀಕ್ಷೆ ಮಾಡಿಸಿದರು. ಅಕ್ಕನಿಗೆ 26, ನಂಬರ್ ಮೈನಸ್ 3.5, ಕಾರ್ನಿಯಾ 505 ಮೈಕ್ರಾನ್. ತಮ್ಮನಿಗೆ 21, ಮೈನಸ್ 4, ಜೊತೆಗೆ 2.25 ಸಿಲಿಂಡರ್ ಪವರ್, ಕಾರ್ನಿಯಾ 548. ಸರಾಸರಿ ದಪ್ಪ 540ರ ಆಸುಪಾಸು ಅಂತ ಗೊತ್ತಿದ್ದವರು ಅಕ್ಕನದ್ದು ತೆಳು, ತಮ್ಮನದ್ದು ಬೊಂಬಾಟ್ ಅಂತಲೇ ಹೇಳುತ್ತಾರೆ. ಡಾಕ್ಟರು ಅಕ್ಕನಿಗೆ ಹೂಂ ಅಂದರು, ತಮ್ಮನಿಗೆ ಬೇಡವೇ ಬೇಡ ಅಂದರು. ಮನೆಯವರಿಗೆ ತಲೆ ಕೆಟ್ಟುಹೋಯಿತು.

ಮೊದಲು ಲೆಕ್ಕ ನೋಡೋಣ. ಲಾಸಿಕ್ ಅನ್ನುವ ಈ ಲೇಸರ್ ಚಿಕಿತ್ಸೆಯಲ್ಲಿ ಕಾರ್ನಿಯಾದ ಮೇಲ್ಭಾಗದಲ್ಲಿ ಒಂದು ತೆಳು ಪದರವನ್ನು ಕೊಯ್ದು ಮೇಲೆತ್ತುತ್ತಾರೆ. ಅದಕ್ಕೆ ಫ್ಲ್ಯಾಪ್ ಅನ್ನುತ್ತಾರೆ, ದಪ್ಪ ಸುಮಾರು 110 ಮೈಕ್ರಾನ್. ಅದರ ಕೆಳಗಿನ ಭಾಗವನ್ನು ಲೇಸರ್ ಸವೆಸುತ್ತದೆ. ಒಂದು ನಂಬರ್ ಇಳಿಸಲು ಸುಮಾರು 15 ಮೈಕ್ರಾನ್ ಹೋಗುತ್ತದೆ ಅಂತಿಟ್ಟುಕೊಳ್ಳಿ. ಯಂತ್ರ ಮತ್ತು ಸವೆಸುವ ಜಾಗದ ಅಗಲ ನೋಡಿ ಇದು ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಅಕ್ಕನಿಗೆ ಸುಮಾರು 53 ಸವೆಯುತ್ತದೆ. 505ರಲ್ಲಿ 110 ಮತ್ತು 53 ಕಳೆದರೆ ಉಳಿಯುವುದು 342. ತಮ್ಮನಿಗೆ ಸಿಲಿಂಡರ್ ಸೇರಿ ಸುಮಾರು 94 ಸವೆಯಬೇಕು. 548ರಲ್ಲಿ 110 ಮತ್ತು 94 ಹೋದರೆ 344. ನೋಡಿ, ಇಬ್ಬರದ್ದೂ ಹೆಚ್ಚುಕಮ್ಮಿ ಒಂದೇ!

ಕೆಳಗೆ ಉಳಿಯುವ ಈ ಭಾಗವೇ ಮುಂದೆ ಕಣ್ಣಿನ ಒತ್ತಡವನ್ನು ತಡೆದು ನಿಲ್ಲಬೇಕು. ಫ್ಲ್ಯಾಪ್ ಅನ್ನು ವಾಪಸ್ ಮುಚ್ಚುತ್ತಾರೆ ನಿಜ, ಅದು ಅಂಟಿಕೊಳ್ಳುತ್ತದೆ ಕೂಡ, ಆದರೆ ಭಾರ ಹೊರುವ ಕೆಲಸಕ್ಕೆ ಅದು ಬಹುಪಾಲು ಬರುವುದಿಲ್ಲ. ಹಾಗಾಗಿ ಕೆಳಗೆ ಕನಿಷ್ಠ 250 ಮೈಕ್ರಾನ್ ಉಳಿಯಬೇಕು ಅಂತ ನಿಯಮ. ಹುಷಾರಾಗಿರುವ ಡಾಕ್ಟರುಗಳು 300 ಕೇಳುತ್ತಾರೆ. ಇನ್ನೊಂದು ಲೆಕ್ಕವೂ ಇದೆ. ಫ್ಲ್ಯಾಪ್ ಮತ್ತು ಸವೆತ ಸೇರಿ ಒಟ್ಟು ದಪ್ಪದ ನೂರಕ್ಕೆ 40ರಷ್ಟು ಆದರೆ ಅಪಾಯ ಜಾಸ್ತಿ. ಅಕ್ಕನದ್ದು 32, ತಮ್ಮನದ್ದು 37. ಅಲ್ಲಿಗೆ ಲೆಕ್ಕದಲ್ಲಿ ತಮ್ಮನೂ ಪಾಸು.

ಫೇಲಾಗಿದ್ದು ನಕ್ಷೆಯಲ್ಲಿ. ದಪ್ಪವನ್ನು ಒಂದೇ ಚುಕ್ಕಿಯಲ್ಲಿ ಅಳೆದರೆ ಸಾಲದು ಅಂತ ಇಡೀ ಕಾರ್ನಿಯಾದ ಆಕಾರವನ್ನು ಬಣ್ಣದ ನಕ್ಷೆಯಾಗಿ ತೆಗೆಯುತ್ತಾರೆ. ಪೆಂಟಾಕ್ಯಾಮ್ ಅನ್ನುವ ಯಂತ್ರದ ಹೆಸರು ನೀವು ಕೇಳಿರಬಹುದು. ಅದು ಕಾರ್ನಿಯಾದ ಮುಂದಿನ ಮೈ, ಹಿಂದಿನ ಮೈ, ಎಲ್ಲೆಲ್ಲಿ ಎಷ್ಟು ದಪ್ಪ, ಎಲ್ಲವನ್ನೂ ತೋರಿಸುತ್ತದೆ. ಅಕ್ಕನ ನಕ್ಷೆ ಮೇಲೆ-ಕೆಳಗೆ ಸಮನಾಗಿತ್ತು. ತಮ್ಮನದ್ದರಲ್ಲಿ ಕೆಳಗಿನ ಅರ್ಧ ಮೇಲಿನದ್ದಕ್ಕಿಂತ ಕಡಿದಾಗಿತ್ತು. 548 ಬಂದಿದ್ದು ನಡುವೆ ಅಳೆದಾಗ. ನಿಜವಾಗಿ ಅತಿ ತೆಳುವಾದ ಜಾಗ ಸ್ವಲ್ಪ ಕೆಳಗೆ ಜರುಗಿತ್ತು, ಅಲ್ಲಿ ಇದ್ದದ್ದು 521. ಅದೇ ಜಾಗದಲ್ಲಿ ಹಿಂದಿನ ಮೈ ಮುಂದಕ್ಕೆ ಉಬ್ಬಲು ಶುರುವಾಗಿತ್ತು. ಇದು ಕಾರ್ನಿಯಾ ತೆಳುವಾಗುತ್ತಾ ಮುಂದಕ್ಕೆ ಉಬ್ಬುವ ಕೆರಟೋಕೋನಸ್ ಕಾಯಿಲೆಯ ಮೊದಲ ಹಂತ. ಕನ್ನಡಕ ಹಾಕಿದರೆ ಅವನಿಗೆ ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಹಳೆ ಸೈಕಲ್ ಟ್ಯೂಬಿನಲ್ಲಿ ಒಂದು ಕಡೆ ರಬ್ಬರ್ ಬಲ ಕಳೆದುಕೊಂಡಿದ್ದರೆ ಗಾಳಿ ತುಂಬಿದಾಗ ಅಲ್ಲೇ ಉಬ್ಬುತ್ತದೆ, ಉಬ್ಬಿದಷ್ಟೂ ಆ ಜಾಗ ಇನ್ನೂ ತೆಳುವಾಗುತ್ತದೆ. ಕಣ್ಣಿನೊಳಗೂ ಸದಾ ಒತ್ತಡ ಇರುತ್ತದೆ, ಮತ್ತು ಕಾರ್ನಿಯಾದಲ್ಲಿ ಕೊಲಾಜೆನ್ ಎಳೆಗಳು ಗಟ್ಟಿಯಾಗಿ ಹೆಣೆದುಕೊಂಡಿರುವುದು ಮುಂದಿನ ಭಾಗದಲ್ಲೇ. ಲಾಸಿಕ್ ಕೊಯ್ಯುವುದೂ ಸವೆಸುವುದೂ ಅದನ್ನೇ. ಮೊದಲೇ ಸಡಿಲವಾದ ಕಾರ್ನಿಯಾದ ಮೇಲೆ ಹೀಗೆ ಮಾಡಿದರೆ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಅದು ಮುಂದಕ್ಕೆ ಚಾಚಿಕೊಳ್ಳುತ್ತದೆ. ಹೋದ ನಂಬರ್ ವಾಪಸ್ ಬರುತ್ತದೆ, ಸಿಲಿಂಡರ್ ಏರುತ್ತದೆ, ಆಮೇಲೆ ಕನ್ನಡಕ ಹಾಕಿದರೂ ಸರಿಯಾಗಿ ಕಾಣುವುದಿಲ್ಲ. ಇದಕ್ಕೆ ಎಕ್ಟೇಸಿಯಾ ಅನ್ನುತ್ತಾರೆ. ಥಿಯೋ ಸೈಲರ್ ಎಂಬ ಕಣ್ಣಿನ ಡಾಕ್ಟರ್ ಮತ್ತು ಸಂಗಡಿಗರು 1998ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದ ಮೇಲೆ ಈ ನಕ್ಷೆಗಳನ್ನು ಜನ ಗಂಭೀರವಾಗಿ ನೋಡತೊಡಗಿದರು.

ಇಲ್ಲಿ ಇತಿಹಾಸದ ಒಂದು ಮಾತು ಹೇಳದೆ ಇರಲಾರೆ. ಲೇಸರ್ ಕಣ್ಣನ್ನು ಸುಡುತ್ತದೆ ಅಂತ ಹೆದರುವವರು ಬಹಳ ಮಂದಿ. 193 ನ್ಯಾನೋಮೀಟರ್‌ನ ಈ ಎಕ್ಸೈಮರ್ ಲೇಸರ್ ಸುಡುವುದಿಲ್ಲ, ಅಣುಗಳ ಬಂಧವನ್ನೇ ಮುರಿದು ಪದರವನ್ನು ಹಾರಿಸುತ್ತದೆ, ಒಂದು ಹೊಡೆತಕ್ಕೆ ಸುಮಾರು ಕಾಲು ಮೈಕ್ರಾನ್. ಇದನ್ನು ಕಂಡುಕೊಂಡವರಲ್ಲಿ ಒಬ್ಬರು ಮದ್ರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿದ್ದ ಅವರು 1981ರ ನವೆಂಬರ್‌ನಲ್ಲಿ ಹಬ್ಬದೂಟದಲ್ಲಿ ಮಿಕ್ಕ ಟರ್ಕಿ ಕೋಳಿಯ ತುಂಡನ್ನು ತಂದು ಅದರ ಮೇಲೆ ಲೇಸರ್ ಹಾಯಿಸಿದರು. ಸುತ್ತ ಎಲ್ಲೂ ಸುಟ್ಟ ಗುರುತಿಲ್ಲದೆ ಅಚ್ಚುಕಟ್ಟಾಗಿ ಕತ್ತರಿಸಿತ್ತು. ಆದ್ದರಿಂದ ನೀವು ಹೆದರುವುದಾದರೆ ಲೇಸರ್‌ಗಲ್ಲ, ಕಾರ್ನಿಯಾದ ಬಲ ನೋಡದೆ ಮಾಡುವ ಲೇಸರ್‌ಗೆ ಹೆದರಿ.

ತಮ್ಮನ ವಿಷಯದಲ್ಲಿ ಸುಳಿವುಗಳು ಮೊದಲೇ ಇದ್ದವು. ವರ್ಷ ವರ್ಷ ಸಿಲಿಂಡರ್ ಪವರ್ ಬದಲಾಗುತ್ತಿತ್ತು. ಅಲರ್ಜಿಯಿಂದ ಕಣ್ಣು ತುರಿಕೆ, ಅಡಿಕೆ ಸುಲಿಯುವ ಕಾಲದಲ್ಲಿ ಇನ್ನೂ ಜಾಸ್ತಿ, ಚಿಕ್ಕಂದಿನಿಂದ ಮುಷ್ಟಿಯಲ್ಲಿ ಕಣ್ಣು ಉಜ್ಜುವ ಅಭ್ಯಾಸ. ಹೀಗೆ ಉಜ್ಜುವುದಕ್ಕೂ ಕೆರಟೋಕೋನಸ್‌ಗೂ ಗಟ್ಟಿ ನಂಟಿದೆ. ಮನೆಯವರು ಬೇರೆ ತಂಪಾಗಲಿ ಅಂತ ನಂದಿಬಟ್ಟಲು ಹೂವಿನ ರಸ ಬಿಡುತ್ತಿದ್ದರು. ದಯವಿಟ್ಟು ಕಣ್ಣಿಗೆ ಹೂವಿನ ರಸ, ಜೇನುತುಪ್ಪ ಬಿಡಬೇಡಿ, ಸೋಂಕು ಬರಬಹುದು. ಹೊನಗೊನ್ನೆ ಸೊಪ್ಪಿನ ಪಲ್ಯ ಬೇಕಾದಷ್ಟು ತಿನ್ನಿ, ಒಳ್ಳೆಯದೇ, ಆದರೆ ಅದರಿಂದ ಕಾರ್ನಿಯಾ ಒಂದು ಮೈಕ್ರಾನ್ ಕೂಡ ದಪ್ಪ ಆಗಲ್ಲ.

ನಕ್ಷೆ ಚೆನ್ನಾಗಿದ್ದರೂ ಕೆಲವರು ಕಾಯಬೇಕು ಅಥವಾ ಬಿಡಬೇಕು. 18 ತುಂಬದವರು, ಒಂದು ವರ್ಷದಿಂದ ನಂಬರ್ ನಿಲ್ಲದವರು, ಬಸುರಿಯರು, ಹಾಲುಣಿಸುವವರು. ಕಣ್ಣು ತುಂಬಾ ಒಣಗುವವರಿಗೆ ಕಷ್ಟ, ಯಾಕೆಂದರೆ ಫ್ಲ್ಯಾಪ್ ಕೊಯ್ಯುವಾಗ ಕಾರ್ನಿಯಾದ ನರಗಳೂ ತುಂಡಾಗಿ ತಿಂಗಳುಗಟ್ಟಲೆ ಒಣಕಲು ಹೆಚ್ಚುತ್ತದೆ. ರುಮಟಾಯ್ಡ್ ಸಂಧಿವಾತ, ಹಿಡಿತಕ್ಕೆ ಬಾರದ ಸಕ್ಕರೆ ಕಾಯಿಲೆ, ಹಿಂದೆ ಕಣ್ಣಿಗೆ ಬಂದ ಹರ್ಪಿಸ್, ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆ, ಇವು ಯಾವುದಿದ್ದರೂ ಕೇಳುವ ಮೊದಲೇ ಹೇಳಿಬಿಡಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಇನ್ನೊಂದು ಗಮನಿಸಬೇಕು. ಲೆನ್ಸ್ ಕಾರ್ನಿಯಾದ ಆಕಾರವನ್ನೇ ತಾತ್ಕಾಲಿಕವಾಗಿ ಬದಲಿಸುತ್ತದೆ, ಆಗ ನಕ್ಷೆ ಸುಳ್ಳು ಹೇಳುತ್ತದೆ. ಮೆತ್ತನೆ ಲೆನ್ಸ್ ಆದರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರ್ನಾಲ್ಕು ವಾರ ಮೊದಲೇ ಬಿಡಬೇಕು. ಇದು ಗೊತ್ತಿಲ್ಲದೆ ಲೆನ್ಸ್ ಹಾಕಿಕೊಂಡೇ ಘಟ್ಟದ ಊರುಗಳಿಂದ ಬಂದರೆ ಬಸ್ ಚಾರ್ಜು ದಂಡ. ಪರೀಕ್ಷೆಗೆ ಕಣ್ಣಿನ ಪಾಪೆ ಅಗಲಿಸುವ ಡ್ರಾಪ್ಸ್ ಹಾಕುತ್ತಾರೆ, ಕೆಲವು ಗಂಟೆ ಮಂಜು ಮಂಜು. ಹಾಗಾಗಿ ಬೈಕಿನಲ್ಲಿ ಬಂದು ಮಂಡಗದ್ದೆ ರಸ್ತೆಯಲ್ಲಿ ಒಬ್ಬರೇ ವಾಪಸ್ ಹೋಗುವ ಸಾಹಸ ಬೇಡ.

ತಮ್ಮನಿಗೆ ಈಗ ತುರಿಕೆಗೆ ಡ್ರಾಪ್ಸ್, ಕಣ್ಣು ಉಜ್ಜದಿರುವ ಕಟ್ಟುನಿಟ್ಟು, ಆರು ತಿಂಗಳಿಗೊಮ್ಮೆ ಹೊಸ ನಕ್ಷೆ. ಉಬ್ಬು ಹೆಚ್ಚುತ್ತಿದ್ದರೆ ಸಿ3ಆರ್ ಮಾಡುತ್ತಾರೆ: ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕು ಬಿಟ್ಟು ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿಸುವುದು. ಅದು ಉಬ್ಬುವುದನ್ನು ತಡೆಯಲು ಮಾತ್ರ, ಕನ್ನಡಕ ಬಿಡಿಸಲು ಅಲ್ಲ. ಅಕ್ಕ ಲೇಸರ್ ಮಾಡಿಸಿಕೊಂಡಳು. ಅವಳಿಗೆ ಡಾಕ್ಟರು ಹಳೆ ನಂಬರ್ ಮತ್ತು ನಕ್ಷೆಯ ಕಾಗದಗಳನ್ನು ಎತ್ತಿಡಲು ಹೇಳಿದ್ದಾರೆ. ತೆಳುವಾದ ಕಾರ್ನಿಯಾದ ಮೇಲೆ ಕಣ್ಣಿನ ಒತ್ತಡ ಅಳೆದರೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಗ್ಲಾಕೋಮಾ ಇದ್ದರೂ ಗೊತ್ತಾಗದೆ ಹೋಗಬಹುದು. ಮುಂದೆ ಪೊರೆ ಆಪರೇಷನ್ ಮಾಡುವಾಗ ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲೂ ಅದೇ ಕಾಗದ ಬೇಕಾಗುತ್ತದೆ.