ಬೋರ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತಾ?

ಪ್ರಶ್ನೆ: ನಮ್ಮದು ಪಾವಗಡ ಕಡೆ. ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಊರಿನವರಿಗೆ ತೋರಿಸೋಕೆ ಒಂದು ಚಿಕ್ಕ ವಿಡಿಯೋ ಮಾಡುತ್ತಿದ್ದೇವೆ. "ನೀರು ಕುದಿಸಿ ಕುಡಿಯಿರಿ" ಅಂತ ಹೇಳಿದರೆ ಸಾಕಲ್ವಾ?

ಉತ್ತರ: ಸಾಲದು. ಕುದಿಸಿದರೆ ಸಾಯುವುದು ರೋಗಾಣು. ವಾಂತಿ ಭೇದಿ, ಟೈಫಾಯ್ಡ್ ತಡೆಯೋಕೆ ಅದು ಬೇಕೇ ಬೇಕು. ಆದರೆ ಫ್ಲೋರೈಡ್ ನೆಲದಡಿಯ ಬಂಡೆಯಿಂದ ಕರಗಿ ನೀರಿಗೆ ಸೇರಿರುತ್ತದೆ, ಉಪ್ಪಿನ ಹಾಗೆ. ಒಲೆಯ ಬಿಸಿ ಅದನ್ನು ಏನೂ ಮಾಡುವುದಿಲ್ಲ.

ಇದನ್ನು ಬಾಯಲ್ಲಿ ಹೇಳುವ ಬದಲು ತೋರಿಸಿ. ಒಂದು ಪಾತ್ರೆಗೆ ಎರಡು ಚೊಂಬು ನೀರು, ಒಂದು ಚಮಚ ಉಪ್ಪು. ಕರಗಿದ ಮೇಲೆ ಊರಿನ ಅಜ್ಜಿಯೊಬ್ಬರ ಕೈಗೆ ಒಂದು ಹನಿ ಹಾಕಿ ರುಚಿ ನೋಡಿಸಿ. ಆಮೇಲೆ ಒಂದು ಚೊಂಬು ಆಗುವವರೆಗೆ ಕುದಿಸಿ, ಆರಿಸಿ, ಮತ್ತೆ ಒಂದು ಹನಿ ಹಾಕಿ.

ಅಜ್ಜಿ: "ಅಯ್ಯೋ, ಮೊದ್ಲಿಗಿಂತ ಉಪ್ಪಾಗೈತೆ!"
ಆಶಾ ಅಕ್ಕ: "ಹೂಂ ಅಜ್ಜಿ. ನೀರು ಆವಿಯಾಗೋಯ್ತು, ಉಪ್ಪು ಅಲ್ಲೇ ಉಳೀತು. ಫ್ಲೋರೈಡೂ ಹಿಂಗೇ. ಆದ್ರೆ ಅದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ. ನಾಲಿಗೇಗೆ ಗೊತ್ತಾಗಲ್ಲ."

ಮತ್ತೆ ಹೇಗೆ ಗೊತ್ತಾಗುತ್ತೆ? ಪರೀಕ್ಷೆ ಮಾಡಿಸಬೇಕು. ಜಲಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೇ ಕಿಟ್‌ನಲ್ಲಿ ನೀರು ಪರೀಕ್ಷಿಸುವುದನ್ನು ಕಲಿಸುತ್ತಾರೆ. ನೀರಿಗೆ ಔಷಧಿ ಹಾಕಿ, ಬಂದ ಬಣ್ಣವನ್ನು ಕಾರ್ಡಿನ ಬಣ್ಣದ ಪಕ್ಕ ಹಿಡಿದು ನೋಡುವುದು, ಅಷ್ಟೇ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸರ್ಕಾರಿ ಮಾನದಂಡ ಒಪ್ಪುತ್ತದೆ. ಅಂಗಡಿಯ ಟಿಡಿಎಸ್ ಮೀಟರ್ ನಂಬಬೇಡಿ. ಅದು ಕರಗಿದ್ದೆಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ, ಫ್ಲೋರೈಡ್ ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ.

ಇನ್ನು ಮಕ್ಕಳ ಹಲ್ಲು. ಎಷ್ಟು ಉಜ್ಜಿದರೂ ಹೋಗದ ಬಿಳಿ, ಕಂದು ಗೆರೆಗಳು ಅಡ್ಡಡ್ಡವಾಗಿ ಕಂಡರೆ ನೀರಿನ ಮೇಲೆ ಅನುಮಾನ ಪಡಿ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಬಿದ್ದ ಗುರುತು ಅದು. ವರ್ಷಗಟ್ಟಲೆ ಅದೇ ನೀರು ಕುಡಿದ ದೊಡ್ಡವರಿಗೆ ಬೆನ್ನು, ಕೀಲು ಬಿಗಿಯುತ್ತವೆ. ಬಗ್ಗಿ ನೆಲದ ಮೇಲಿನ ನಾಣ್ಯ ಎತ್ತುವುದೂ ಕಷ್ಟವಾಗುತ್ತದೆ.

ನಮ್ಮ ಜನ ತಪ್ಪುವುದು ಅಡುಗೆಮನೆಯಲ್ಲಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯುತ್ತಾರೆ, ಮುದ್ದೆಗೆ ಎಸರಿಡುವುದು ಮಾತ್ರ ಬೋರ್ ನೀರಲ್ಲಿ. ಅನ್ನ, ಮುದ್ದೆ, ಸಾರು ಎಲ್ಲದರ ಜೊತೆ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ವಿಡಿಯೋದಲ್ಲಿ ಎಸರಿನ ಪಾತ್ರೆಯನ್ನೇ ಹತ್ತಿರದಿಂದ ತೋರಿಸಿ.

ಆಶಾ ಅಕ್ಕ: "ಕುಡಿಯೋಕೂ ಇದೇ ಕ್ಯಾನ್, ಎಸರಿಗೂ ಇದೇ ಕ್ಯಾನ್. ಸ್ನಾನ, ಬಟ್ಟೆ, ದನಗಳ ಮೈ ತೊಳೆಯೋದು, ಇದಕ್ಕೆಲ್ಲ ಬೋರ್ ನೀರು ಸಾಕು."

ಘಟಕದ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಿ. ಫಿಲ್ಟರ್ ಹಳೆಯದಾದರೆ ಫ್ಲೋರೈಡ್ ನುಸುಳಿ ಬರುತ್ತದೆ. ಕ್ಯಾನ್ ಒಳಗೆ ಕೈಹಾಕಿ ಲೋಟ ಮುಳುಗಿಸಿದರೆ ಅದೇ ನೀರಿಗೆ ರೋಗಾಣು ಸೇರುತ್ತದೆ. ನಲ್ಲಿ ಇರುವ ಕ್ಯಾನ್ ಇಟ್ಟುಕೊಳ್ಳಿ, ಇಲ್ಲವೇ ಬಗ್ಗಿಸಿ ಸುರಿದುಕೊಳ್ಳಿ.